ಬಾಗಿಲಲ್ಲಿ ಕೊಟ್ಟ ಹಣ ಖಾತೆಗೆ ಬಂತೇ?

ಇಳಕಲ್ಲಿನಲ್ಲಿ ಮನೆಯಿಂದಲೇ ಸೀರೆ, ಖಣ ಮಾರುವ ಹೆಣ್ಣುಮಗಳೊಬ್ಬಳ ಲೆಕ್ಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕುತ್ತಾಳೆ, ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತೆಗೆದುಕೊಳ್ಳುತ್ತಾಳೆ, ಕೊರಿಯರ್‌ನವರು ಮನೆಗೇ ಬಂದು ಪಾರ್ಸೆಲ್ ಒಯ್ಯುತ್ತಾರೆ. ಆ ವಾರ ಹೋದದ್ದು ಹತ್ತು ಪಾರ್ಸೆಲ್. ಹತ್ತೂ ಕ್ಯಾಶ್ ಆನ್ ಡೆಲಿವರಿ, ಒಟ್ಟು 14,690 ರೂಪಾಯಿ. ಮುಂದೆ 18ನೇ ತಾರೀಖು ಬುಧವಾರ ಬ್ಯಾಂಕಿನ ಸಂದೇಶ ಬರುತ್ತದೆ: 6,911 ರೂಪಾಯಿ 40 ಪೈಸೆ ಜಮಾ.

ಕಳಿಸಿದ ಮಾಲಿನ ಅರ್ಧ ಬೆಲೆಯೂ ಬರಲಿಲ್ಲ. ಉಳಿದ 7,778 ರೂಪಾಯಿ 60 ಪೈಸೆ ಎಲ್ಲಿ? ಅದರಲ್ಲಿ ಬಹುಪಾಲು ನ್ಯಾಯವಾಗಿಯೇ ಬಾಕಿ ಇರಬಹುದು, ಒಂದಿಷ್ಟು ನಿಜಕ್ಕೂ ತಪ್ಪಿಹೋಗಿರಬಹುದು. ಜಮಾ ಆದ ಮೊತ್ತವೊಂದನ್ನೇ ನೋಡಿ ಇದನ್ನು ಬಿಡಿಸಲು ಯಾರಿಂದಲೂ ಆಗದು. ಸಣ್ಣ ಮಾರಾಟಗಾರರಲ್ಲಿ ಹೆಚ್ಚಿನವರು ಇಲ್ಲಿಗೇ ಕೈಬಿಡುತ್ತಾರೆ. 'ಏನೋ ಚಾರ್ಜು ಹಿಡಿದಿರಬೇಕು' ಎಂದುಕೊಂಡು ಮುಂದಿನ ಆರ್ಡರ್ ಕಟ್ಟಲು ಕೂಡುತ್ತಾರೆ. ಅವರು ಬಿಟ್ಟುಕೊಡುತ್ತಿರುವುದು ಲಾಭವನ್ನಷ್ಟೇ ಅಲ್ಲ, ನೇಕಾರನಿಗೆ ಕೊಡಬೇಕಾದ ಅಸಲನ್ನು.

ಮಾಲು ಮುಟ್ಟಿದ ಮೇಲೆ ದುಡ್ಡು ಪಡೆಯುವುದು ನಮ್ಮಲ್ಲಿ ಹೊಸದಲ್ಲ. ಅಂಚೆ ಇಲಾಖೆಯ ವಿ.ಪಿ.ಪಿ. 1877ರಲ್ಲೇ ಶುರುವಾಗಿತ್ತು. ಕನ್ನಡದ ಎಷ್ಟೋ ಪ್ರಕಾಶಕರು ಊರೂರಿಗೆ ಪುಸ್ತಕ ಮುಟ್ಟಿಸಿದ್ದು ಅದರಿಂದಲೇ. ಅಲ್ಲಿ ಒಂದು ಪಾರ್ಸೆಲ್ಲಿಗೆ ಒಂದು ಮನಿ ಆರ್ಡರ್ ಬರುತ್ತಿತ್ತು, ಯಾವುದರ ಹಣ ಎಂದು ಹುಡುಕಬೇಕಾಗುತ್ತಿರಲಿಲ್ಲ. 2010ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ಕ್ಯಾಶ್ ಆನ್ ಡೆಲಿವರಿ ಶುರುಮಾಡಿದ ಮೇಲೆ ಆನ್‌ಲೈನ್ ವ್ಯಾಪಾರದಲ್ಲಿ ಇದು ಮನೆಮಾತಾಯಿತು. ಆದರೆ ಈಗಿನ ಕೊರಿಯರ್‌ನವರು ಹಲವು ಪಾರ್ಸೆಲ್‌ಗಳ ಹಣ ಒಟ್ಟುಗೂಡಿಸಿ, ಹಲವರು ತಮ್ಮ ಬಾಡಿಗೆಯನ್ನೂ ಅದರಲ್ಲೇ ಮುರಿದುಕೊಂಡು, ಒಂದೇ ಮೊತ್ತವಾಗಿ ಬ್ಯಾಂಕಿಗೆ ಹಾಕುತ್ತಾರೆ. ತೊಡಕೆಲ್ಲ ಹುಟ್ಟುವುದು ಈ ಒಟ್ಟುಗೂಡಿಸುವಿಕೆಯಲ್ಲಿ. ಅದನ್ನು ಮತ್ತೆ ಪಾರ್ಸೆಲ್ ಪಾರ್ಸೆಲ್ಲಾಗಿ ಬಿಡಿಸುವುದೇ ತಾಳೆ ನೋಡುವ ಕೆಲಸ.

ಬಿಡಿಸಲು ಮೂರು ಕಾಗದ ಬೇಕು. ಒಂದು, ನಿಮ್ಮದೇ ಆರ್ಡರ್ ಪಟ್ಟಿ. ಎರಡು, ಕೊರಿಯರ್‌ನವರು ಹಣ ಹಾಕಿದಾಗಲೆಲ್ಲ ಕೊಡುವ ರೆಮಿಟೆನ್ಸ್ ವರದಿ. ಯಾವ ಪಾರ್ಸೆಲ್ಲಿಗೆ ಎಷ್ಟು ಹಣ, ಏನೇನು ಕಡಿತ ಎಂದು ಅದರಲ್ಲಿ ಇರುತ್ತದೆ. ಮೂರು, ಬ್ಯಾಂಕಿನ ಸ್ಟೇಟ್‌ಮೆಂಟ್. ಮೊದಲ ಎರಡನ್ನು ಕೂಡಿಸುವ ಕೊಂಡಿ ಪಾರ್ಸೆಲ್ ಮೇಲಿನ ಎಡಬ್ಲ್ಯೂಬಿ ನಂಬರ್, ಅಂದರೆ ಟ್ರ್ಯಾಕಿಂಗ್ ನಂಬರ್. ಕೊನೆಯ ಎರಡನ್ನು ಕೂಡಿಸುವುದು ಬ್ಯಾಂಕ್ ವರ್ಗಾವಣೆಯ ಯುಟಿಆರ್ ನಂಬರ್. ಗಿರಾಕಿಯ ಹೆಸರು, ಬೆಲೆ ಇವುಗಳ ಮೇಲೆ ತಾಳೆ ನೋಡಲು ಹೋಗಬೇಡಿ. 1,450 ರೂಪಾಯಿಯ ಸೀರೆ ಒಂದೇ ವಾರದಲ್ಲಿ ನಾಲ್ಕು ಹೋಗಿದ್ದರೆ ಯಾವುದರ ಹಣ ಬಂತೆಂದು ಬೆಲೆ ಹೇಳುವುದಿಲ್ಲ.

ಶುರು ಮಾಡಬೇಕಾದದ್ದು ಆರ್ಡರ್ ಪಟ್ಟಿಯಿಂದ. ಬ್ಯಾಂಕಿನಿಂದ ಶುರುಮಾಡಿದರೆ ಬಂದ ಹಣಕ್ಕೆ ಕಾರಣ ಸಿಗುತ್ತದೆ, ಬಾರದ ಹಣ ಕಣ್ಣಿಗೇ ಬೀಳುವುದಿಲ್ಲ. ಪಾರ್ಸೆಲ್ ಕೈಬಿಟ್ಟ ದಿನವೇ ಪಟ್ಟಿಯಲ್ಲಿ ಒಂದು ಸಾಲು ಬರೆಯಬೇಕು: ಎಡಬ್ಲ್ಯೂಬಿ ನಂಬರ್, ಗಿರಾಕಿಯಿಂದ ಬರಬೇಕಾದ ಮೊತ್ತ, ಕಳಿಸಿದ ತಾರೀಖು. ಆ ಸಾಲು ಎರಡರಲ್ಲಿ ಒಂದು ರೀತಿಯಲ್ಲಿ ಮುಗಿಯಬೇಕು. ಹಣ ಬರಬೇಕು, ಇಲ್ಲವೇ ಮಾಲು ವಾಪಸು ಬರಬೇಕು. ಎರಡೂ ಆಗದ ಸಾಲು ತೆರೆದೇ ಇರಲಿ.

ಈಗ ಇಳಕಲ್ಲಿನ ಆ ಹತ್ತು ಪಾರ್ಸೆಲ್‌ಗೆ ಬರೋಣ. ಟ್ರ್ಯಾಕಿಂಗ್ ನೋಡಿದರೆ ಎಂಟು ಮುಟ್ಟಿವೆ. ಗಿರಾಕಿಗಳು ಬೇಡವೆಂದ ಎರಡು ಹಿಂದಿರುಗುವ ದಾರಿಯಲ್ಲಿವೆ. ಪರದೆಯ ಮೇಲೆ ಅವುಗಳ ಮುಂದೆ RTO ಎಂದಿದೆ. ಅವುಗಳ ಬೆಲೆ 2,100 ಮತ್ತು 980, ಒಟ್ಟು 3,080 ರೂಪಾಯಿ. ಈ ಹಣ ಬರುವುದಿಲ್ಲ, ಮಾಲು ಬರಬೇಕು.

ಮುಟ್ಟಿದ ಎಂಟರಲ್ಲಿ ಒಂದು 1,750 ರೂಪಾಯಿಯ ಸೀರೆ. ಅದು ಗಿರಾಕಿಯ ಕೈಸೇರಿದ್ದು 12ನೇ ತಾರೀಖು. ಈಕೆಯ ಒಪ್ಪಂದ ಹೀಗಿದೆ: ಮುಟ್ಟಿ ಏಳು ದಿನ ಕಳೆದವುಗಳ ಹಣವನ್ನು ಬುಧವಾರ ಹಾಕುತ್ತಾರೆ. 18ರ ಬುಧವಾರ 11ನೇ ತಾರೀಖಿನವರೆಗೆ ಮುಟ್ಟಿದವು ಮಾತ್ರ ಸೇರಿದವು. ಒಂದೇ ದಿನ ತಡವಾದ ಈ ಸೀರೆಯ ಹಣ 25ನೇ ತಾರೀಖಿಗೆ ಹೋಯಿತು. 'ಏಳು ದಿನ' ಎಂದು ಕೇಳಿ ಒಪ್ಪಿದ್ದು ಇಲ್ಲಿ ಹದಿಮೂರು ದಿನವಾಯಿತು, ಆದರೂ ಯಾರದ್ದೂ ತಪ್ಪಿಲ್ಲ. ಕೊರಿಯರ್‌ನಿಂದ ಕೊರಿಯರ್‌ಗೆ ಈ ದಿನಗಳು ಬೇರೆ. ಎಲ್ಲೆಡೆಯೂ ಲೆಕ್ಕ ಶುರುವಾಗುವುದು ಸಾಮಾನ್ಯವಾಗಿ ಮುಟ್ಟಿದ ದಿನದಿಂದ, ಕಳಿಸಿದ ದಿನದಿಂದಲ್ಲ. ಹಾಗಾಗಿ ಪಟ್ಟಿಯಲ್ಲಿ ಮುಟ್ಟಿದ ತಾರೀಖಿನ ಪಕ್ಕ 'ಹಣ ಬರಬೇಕಾದ ತಾರೀಖು' ಎಂಬ ಇನ್ನೊಂದು ಕಾಲಂ ಇಟ್ಟರೆ ಅರ್ಧ ಆತಂಕ ಅಲ್ಲೇ ಕಳೆಯುತ್ತದೆ.

ಮೂರನೆಯದು ಕಡಿತ. ಹತ್ತು ಪಾರ್ಸೆಲ್‌ಗೆ 75ರಂತೆ ಬಾಡಿಗೆ 750 ರೂಪಾಯಿ. ಮುಟ್ಟಿದ ಎಂಟಕ್ಕೆ ಹಣ ವಸೂಲಿಯ ಶುಲ್ಕ 40ರಂತೆ 320. ಹಿಂದಿರುಗುವ ಎರಡಕ್ಕೆ ವಾಪಸು ಬಾಡಿಗೆ 140. ಒಂದು ಪಾರ್ಸೆಲ್ಲಿಗೆ ಹೆಚ್ಚುವರಿ ತೂಕವೆಂದು 60. ಎಲ್ಲ ಸೇರಿ 1,270, ಅದಕ್ಕೆ ಶೇ 18 ಜಿಎಸ್‌ಟಿ ಕೂಡಿಸಿದರೆ 1,498 ರೂಪಾಯಿ 60 ಪೈಸೆ.

ಆ ಹೆಚ್ಚುವರಿ ತೂಕದ ಬಳಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಬಹಳ ಜನ ಇದನ್ನು ಮೋಸವೆಂದೇ ಎಣಿಸುತ್ತಾರೆ. ಕೊರಿಯರ್‌ನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಬಂದದ್ದು ಗಾತ್ರದ ತೂಕ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. 450 ಗ್ರಾಂ ಸೀರೆಯನ್ನು 30, 24, 4 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿಟ್ಟರೆ ಗಾತ್ರದ ತೂಕ 576 ಗ್ರಾಂ. ಅರ್ಧ ಕಿಲೋದ ಗಡಿ ದಾಟಿತು, ಒಂದು ಕಿಲೋದ ದರ ಬಿತ್ತು. ಅದೇ ಪೆಟ್ಟಿಗೆಯ ಎತ್ತರ 3 ಸೆಂಟಿಮೀಟರ್ ಇದ್ದರೆ 432 ಗ್ರಾಂ ಆಗುತ್ತಿತ್ತು. ಒಂದು ಸೆಂಟಿಮೀಟರಿನ ಬೆಲೆ ಅಷ್ಟು. ಆದರೆ ಕೊರಿಯರ್‌ನವರ ಅಳತೆಯೂ ತಪ್ಪಬಹುದು. ಅದನ್ನು ಪ್ರಶ್ನಿಸಲು ಕೊಡುವ ಕಾಲಾವಕಾಶ ಕೆಲವೇ ದಿನ. ಪ್ಯಾಕ್ ಮಾಡಿದ ಮೇಲೆ ತಕ್ಕಡಿಯ ಮೇಲಿಟ್ಟು, ಟೇಪು ಹಿಡಿದು, ಎಡಬ್ಲ್ಯೂಬಿ ನಂಬರ್ ಕಾಣುವಂತೆ ಒಂದು ಫೋಟೊ ತೆಗೆದಿಟ್ಟವರ ದೂರಿಗೆ ಮಾತ್ರ ಬಲವಿರುತ್ತದೆ.

ಈಗ ಕೂಡಿಸೋಣ. ವಾಪಸು ಬರುವವು 3,080, ಮುಂದಿನ ವಾರದ್ದು 1,750, ಕಡಿತ 1,498 ರೂಪಾಯಿ 60 ಪೈಸೆ. ಒಟ್ಟು 6,328 ರೂಪಾಯಿ 60 ಪೈಸೆಗೆ ಕಾರಣ ಸಿಕ್ಕಿತು. ಹುಡುಕುತ್ತಿದ್ದುದು 7,778 ರೂಪಾಯಿ 60 ಪೈಸೆ. ಉಳಿದದ್ದು ಸರಿಯಾಗಿ 1,450. ಅಂದರೆ ಒಂದು ಸೀರೆ ಗಿರಾಕಿಗೆ ಮುಟ್ಟಿದೆ, ಅದರ ಹಣ ವರದಿಯಲ್ಲಿ ಇಲ್ಲ.

ಅದು ನಾಲ್ಕರಲ್ಲಿ ಯಾವುದೆಂದು ತಿಳಿಯಲು ಎಕ್ಸೆಲ್ ಅಥವಾ ಗೂಗಲ್ ಶೀಟ್ ಸಾಕು. ಆರ್ಡರ್ ಪಟ್ಟಿಯ A ಕಾಲಂನಲ್ಲಿ ಎಡಬ್ಲ್ಯೂಬಿ ನಂಬರ್, B ಕಾಲಂನಲ್ಲಿ ಬರಬೇಕಾದ ಮೊತ್ತ ಇರಲಿ. ಕೊರಿಯರ್ ವರದಿಯನ್ನು Remit ಎಂಬ ಇನ್ನೊಂದು ಹಾಳೆಗೆ ಅಂಟಿಸಿ, ಅಲ್ಲಿಯೂ ಮೊದಲು ನಂಬರ್, ಆಮೇಲೆ ಮೊತ್ತ. ನಂತರ C ಮತ್ತು D ಕಾಲಂಗಳಲ್ಲಿ:

```
=IFERROR(VLOOKUP(A2,Remit!A:B,2,FALSE),0)
=B2-C2
```

ಮೊದಲನೆಯದು ಬಂದ ಮೊತ್ತವನ್ನು ತರುತ್ತದೆ, ನಂಬರ್ ಸಿಗದಿದ್ದರೆ ಸೊನ್ನೆ ಬರೆಯುತ್ತದೆ. ಎರಡನೆಯದು ಬಾಕಿ. ಇದರಲ್ಲಿ ಒಂದು ಎಚ್ಚರ ಬೇಕು. ಎಡಬ್ಲ್ಯೂಬಿ ನಂಬರ್ ಉದ್ದವಾಗಿದ್ದರೆ ಎಕ್ಸೆಲ್ ಅದನ್ನು 1.23E+13 ಎಂಬಂತೆ ತೋರಿಸುತ್ತದೆ, ಹದಿನೈದು ಅಂಕಿ ದಾಟಿದರೆ ಕೊನೆಯ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ. ಆಗ ಬಂದ ಹಣವೂ ಬಾರದಂತೆ ಕಾಣುತ್ತದೆ. ಅಂಟಿಸುವ ಮೊದಲೇ ಎರಡೂ ಹಾಳೆಗಳ ಆ ಕಾಲಂ ಅನ್ನು Text ಎಂದು ಬದಲಿಸಿಡಬೇಕು. ಬಾಕಿ ಕಾಲಂನಲ್ಲಿ ಎಲ್ಲ ಸಾಲುಗಳೂ ಪೂರ್ತಿ ಬಾಕಿ ಎಂದು ತೋರಿಸಿದರೆ ಕೊರಿಯರ್‌ನವರಿಗೆ ಫೋನ್ ಮಾಡುವ ಮುನ್ನ ಇದನ್ನೇ ನೋಡಿ.

ಬಾಕಿ ಕಾಲಂ ಪೂರ್ತಿ ಮೊತ್ತ ತೋರಿಸುವುದಕ್ಕೂ ಅರೆಬರೆ ತೋರಿಸುವುದಕ್ಕೂ ಕಾರಣ ಬೇರೆ. 1,305 ರೂಪಾಯಿ ಬಾಕಿ ಕಂಡರೆ, ಬುಕಿಂಗ್ ಮಾಡುವಾಗ 1450ರ ಬದಲು 145 ಎಂದು ಒತ್ತಿರಬೇಕು. ಡೆಲಿವರಿ ಹುಡುಗ ಲೇಬಲ್ಲಿನಲ್ಲಿ ಇದ್ದಷ್ಟೇ ಪಡೆದಿದ್ದಾನೆ, ಕೊರಿಯರ್ ಲೆಕ್ಕ ಸರಿಯಾಗಿಯೇ ಇದೆ. ಉಳಿದದ್ದನ್ನು ಗಿರಾಕಿಯನ್ನೇ ಕೇಳಬೇಕು. ಪೂರ್ತಿ ಬಾಕಿ ಇದ್ದರೆ ಮೊದಲು ಲೇಬಲ್ ನೋಡಬೇಕು. Prepaid ಎಂದು ಬುಕ್ ಆಗಿದ್ದರೆ ಬಾಗಿಲಲ್ಲಿ ಯಾರೂ ಹಣ ಕೇಳಿರುವುದಿಲ್ಲ. ಲೇಬಲ್ COD ಎಂದೇ ಇದ್ದು, ಟ್ರ್ಯಾಕಿಂಗ್ Delivered ಎಂದು ಹೇಳಿ, ತಾರೀಖೂ ಕಳೆದಿದ್ದರೆ ಮಾತ್ರ ಅದು ಕೊರಿಯರ್‌ನವರ ಬಾಕಿ.

ಆದರೂ ದೂರು ಬರೆಯುವ ಮೊದಲು ಗಿರಾಕಿಗೆ ಒಂದು ಫೋನ್ ಮಾಡುವುದು ಒಳ್ಳೆಯದು. 'ಅಕ್ಕಾರ, ಸೀರಿ ಮುಟ್ಟಿತೇನ್ರಿ? ರೊಕ್ಕ ಎಷ್ಟ ಕೊಟ್ರಿ? ಯಾವತ್ತ ಕೊಟ್ರಿ?' ಇಷ್ಟೇ. ಪಾರ್ಸೆಲ್ಲೇ ಬಂದಿಲ್ಲ ಎಂದು ಅವರು ಹೇಳಿದರೆ ಪ್ರಕರಣವೇ ಬೇರೆ. ಆಗ ಡೆಲಿವರಿಯ ಪುರಾವೆ, ಅಂದರೆ ಸಹಿ ಅಥವಾ ಒಟಿಪಿ ದಾಖಲೆ ಕೇಳಬೇಕು. ಫೋನ್‌ಪೇ, ಗೂಗಲ್‌ಪೇನಲ್ಲಿ ಕೊಟ್ಟೆವು ಎಂದರೆ ಸ್ಕ್ರೀನ್‌ಶಾಟ್ ತರಿಸಿಕೊಳ್ಳಬೇಕು. ಡೆಲಿವರಿಯವನು ಕೊರಿಯರ್‌ನ ಕ್ಯೂಆರ್ ಕೋಡ್ ತೋರಿಸಿದನೋ, ತನ್ನ ಸ್ವಂತದ್ದನ್ನೋ ಎಂಬುದು ಅದರಲ್ಲಿ ಹೆಸರಿನ ಸಮೇತ ಇರುತ್ತದೆ.

ದೂರನ್ನು ಫೋನಿನಲ್ಲಿ ಮುಗಿಸದೆ ಬರಹದಲ್ಲಿ ಕೊಡಬೇಕು. ಎಡಬ್ಲ್ಯೂಬಿ ನಂಬರ್, ಮುಟ್ಟಿದ ತಾರೀಖು, 1,450 ರೂಪಾಯಿ, ಬರಬೇಕಿದ್ದ ತಾರೀಖು 18, ಆ ದಿನದ ಯುಟಿಆರ್ ನಂಬರ್, ಅದರ ವರದಿಯಲ್ಲಿ ಈ ಪಾರ್ಸೆಲ್ ಇಲ್ಲ ಎಂಬ ಒಂದು ವಾಕ್ಯ. 'ನನ್ನ ಹಣ ಕಡಿಮೆ ಬಂದಿದೆ' ಎಂಬ ದೂರಿಗೆ ಉತ್ತರ ಸುತ್ತಿ ಸುತ್ತಿ ಬರುತ್ತದೆ. ಒಂದೇ ನಂಬರ್ ಹಿಡಿದು ಕೇಳಿದರೆ ಅವರೂ ಒಂದೇ ಸಾಲು ನೋಡಿ ಹೇಳಬೇಕಾಗುತ್ತದೆ. ಹಲವು ಕೊರಿಯರ್‌ಗಳನ್ನು ಒಂದೇ ಆ್ಯಪ್‌ನಲ್ಲಿ ಒದಗಿಸುವ ಮಧ್ಯವರ್ತಿ ಕಂಪನಿಯ ಮೂಲಕ ಕಳಿಸಿದ್ದರೆ ಹಣ ಕೊರಿಯರ್‌ನಿಂದ ಮಧ್ಯವರ್ತಿಗೆ, ಅಲ್ಲಿಂದ ನಿಮಗೆ ಬರುತ್ತದೆ. ಒಪ್ಪಂದ ಮಧ್ಯವರ್ತಿಯೊಂದಿಗೆ ಇರುವುದರಿಂದ ಕೇಳಬೇಕಾದದ್ದೂ ಅವರನ್ನೇ. 'ಕೊರಿಯರ್‌ನವರು ಇನ್ನೂ ಕೊಟ್ಟಿಲ್ಲ' ಎಂದರೆ ಆ ಉತ್ತರವನ್ನೂ ಇಮೇಲಿನಲ್ಲೇ ತರಿಸಿಕೊಳ್ಳಿ.

ಲೆಕ್ಕದ ಪುಸ್ತಕದಲ್ಲಿ ಬ್ಯಾಂಕಿಗೆ ಬಂದ 6,911 ರೂಪಾಯಿ 40 ಪೈಸೆಯನ್ನು ಮಾರಾಟವೆಂದು ಬರೆಯಬಾರದು. ಮುಟ್ಟಿದ ಎಂಟು ಪಾರ್ಸೆಲ್‌ಗಳ ಪೂರ್ತಿ ಬೆಲೆ 11,610 ಮಾರಾಟ, ಕೊರಿಯರ್ ಕಡಿತ ಖರ್ಚು, ಬಾರದ 1,750 ಮತ್ತು 1,450 ಕೊರಿಯರ್‌ನಿಂದ ಬರಬೇಕಾದ ಬಾಕಿ. ಮಾರಾಟವನ್ನು ಕಡಿಮೆ ತೋರಿಸಿದರೆ ತೆರಿಗೆಯ ಲೆಕ್ಕವೂ ತಪ್ಪುತ್ತದೆ.

ಹಿಂದಿರುಗುವ ಎರಡು ಪಾರ್ಸೆಲ್‌ಗಳ ಸಾಲು ಇನ್ನೂ ತೆರೆದಿವೆ. ಹಣದ ಹಿಂದೆ ಬಿದ್ದವರು ಮರೆಯುವುದು ಇವನ್ನೇ. ಪರದೆಯಲ್ಲಿ RTO Delivered ಎಂದು ಬಂದ ದಿನ ಪೆಟ್ಟಿಗೆ ನಿಜಕ್ಕೂ ಮನೆಗೆ ಬಂದಿದೆಯೇ ಎಂದು ನೋಡಿ, ಲೇಬಲ್ ಕಾಣುವಂತೆ ವಿಡಿಯೊ ಮಾಡುತ್ತಾ ಬಿಚ್ಚಬೇಕು. 2,100ರ ಸೀರೆಯ ಜಾಗದಲ್ಲಿ ಹಳೆಯ ಬಟ್ಟೆ ಇದ್ದರೆ, ಅಥವಾ ಪೆಟ್ಟಿಗೆಯೇ ಬಂದಿರದಿದ್ದರೆ, ಅಂದೇ ದೂರು ದಾಖಲಿಸಬೇಕು. ಸೀರೆ ಮಡಿಕೆ ಕೆಡದೆ ಬಂದಿದ್ದರೆ ಆ ಸಾಲಿನ ಮುಂದೆ 'ಮಾಲು ಬಂತು' ಎಂದು ಬರೆದು, ತಾರೀಖು ಹಾಕಿ, ಸೀರೆಯನ್ನು ಮತ್ತೆ ದಾಸ್ತಾನಿಗೆ ಸೇರಿಸಬಹುದು.