ನಕ್ಷೆಯ ಸೂಚಿ ಕನ್ನಡಕ್ಕೆ, ಅಳತೆಪಟ್ಟಿ ಕಿಲೋಮೀಟರಿಗೆ: ಉಳಿದ ನಕ್ಷೆಯನ್ನು ಮುಟ್ಟದೆ

ನಮ್ಮ ಕಾಸರಗೋಡು ಕಡೆಯ ಹಳೆಯ ಸರ್ವೇ ನಕ್ಷೆಗಳು ಒಂದು ಇಂಚಿಗೆ ಒಂದು ಮೈಲಿ ಪ್ರಮಾಣದವು. ತೋಡು, ಗುಡ್ಡ, ಕಾಲುದಾರಿ ಎಲ್ಲವೂ ಅವುಗಳಲ್ಲಿ ಸ್ಪಷ್ಟವಾಗಿ ಉಂಟು. ಆದರೆ ಸೂಚಿ ಇಂಗ್ಲಿಷಿನಲ್ಲಿ, ಅಳತೆಪಟ್ಟಿ ಮೈಲಿಯಲ್ಲಿ. ಸೂಚಿಯಲ್ಲಿ ‘ಟ್ಯಾಂಕ್’ ಎಂದಿದ್ದದ್ದನ್ನು ಓದಿ ನಮ್ಮ ಎಂಟನೇ ತರಗತಿಯ ಮಕ್ಕಳು ನೀರಿನ ಟಾಂಕಿ ಅಂದುಕೊಂಡಿದ್ದರು. ಅಲ್ಲಿರುವುದು ಕೆರೆ. ಹಾಗಾಗಿ ಕಳೆದ ವರ್ಷ ನಾನು ಸ್ಕ್ಯಾನ್ ಮಾಡಿದ ನಕ್ಷೆಯನ್ನು ವರ್ಡ್ ಕಡತಕ್ಕೆ ಹಾಕಿ, ಸೂಚಿಯ ಮೇಲೆ ಬಿಳಿ ಚೌಕ ಇಟ್ಟು ಕನ್ನಡದಲ್ಲಿ ಬರೆದೆ. ಕಿಲೋಮೀಟರಿನ ಪಟ್ಟಿಯನ್ನೂ ಪಕ್ಕದಲ್ಲಿ ಎಳೆದೆ. ಕೊನೆಗೆ ಪುಟಕ್ಕೆ ಹೊಂದಲಿ ಎಂದು ನಕ್ಷೆಯ ಬದಿಯನ್ನು ಮೌಸಿನಿಂದ ಸ್ವಲ್ಪ ಒಳಗೆ ಎಳೆದೆ.

ಪಾಠದ ದಿನ ಒಬ್ಬಳು ವಿದ್ಯಾರ್ಥಿನಿ ದಾರ ಇಟ್ಟು ಅಳೆದು, “ಸರ್, ಈ ನಕ್ಷೆಯಲ್ಲಿ ಕಡಲು ಹತ್ತಿರ ಬಂದಿದೆಯಾ?” ಎಂದು ಕೇಳಿದಳು. ಅವಳ ಅಳತೆ ಸರಿಯೇ ಇತ್ತು. ನಕ್ಷೆ ಪೂರ್ವ-ಪಶ್ಚಿಮವಾಗಿ ಕುಗ್ಗಿತ್ತು, ನಾನು ಎಳೆದ ಪಟ್ಟಿ ಮಾತ್ರ ಕುಗ್ಗಿರಲಿಲ್ಲ. ಆಮೇಲೆ ಅದೇ ಕೆಲಸವನ್ನು ಸರಿಯಾಗಿ ಮಾಡಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ರೀಸ್ಯಾಂಪಲ್ ಆದರೆ ಏನಾಗ್ತದೆ?

ಸ್ಕ್ಯಾನ್ ಆದ ನಕ್ಷೆ ಎಂದರೆ ಪಿಕ್ಸೆಲ್‌ಗಳ ದೊಡ್ಡ ಚೌಕುಳಿ. ಚಿತ್ರವನ್ನು ಹಿಗ್ಗಿಸಿದರೆ, ಕುಗ್ಗಿಸಿದರೆ ಅಥವಾ ಒಂದೆರಡು ಡಿಗ್ರಿ ತಿರುಗಿಸಿದರೆ ತಂತ್ರಾಂಶ ಹೊಸ ಚೌಕುಳಿ ಹಾಕಿ, ಹಳೆಯ ಅಕ್ಕಪಕ್ಕದ ಬಣ್ಣಗಳನ್ನು ಬೆರೆಸಿ ಪ್ರತಿ ಪಿಕ್ಸೆಲನ್ನೂ ಮತ್ತೆ ಲೆಕ್ಕ ಹಾಕ್ತದೆ. ಇದೇ ರೀಸ್ಯಾಂಪಲ್. ಸಮೋನ್ನತ ರೇಖೆಗಳು ಎರಡು ಮೂರು ಪಿಕ್ಸೆಲ್ ದಪ್ಪ ಇರುವುದರಿಂದ ಮೊದಲ ಪೆಟ್ಟು ಅವಕ್ಕೇ. ಕಡಿದಾದ ಗುಡ್ಡದಲ್ಲಿ ಹತ್ತಿರ ಹತ್ತಿರ ಇರುವ ಗೆರೆಗಳು ಒಂದಕ್ಕೊಂದು ಅಂಟಿ ಕಂದು ಕಲೆಯಾಗ್ತವೆ. ಆಮೇಲೆ ಮೊದಲಿನ ಗಾತ್ರಕ್ಕೆ ತಂದರೂ ಹೋದ ಗೆರೆ ವಾಪಸು ಬರುವುದಿಲ್ಲ.

ನಾವು ಬದಲಿಸಬೇಕಾದದ್ದು ಅಂಚಿನ ಕೆಲವು ಪದಗಳು ಮತ್ತು ಒಂದು ಪಟ್ಟಿ ಮಾತ್ರ. ಆದ್ದರಿಂದ ಮೂಲ ಚಿತ್ರವನ್ನು ಕೆಳಗಿನ ಪದರದಲ್ಲಿ ಹಾಗೇ ಬಿಟ್ಟು, ಹೊಸದೆಲ್ಲವನ್ನೂ ಅದರ ಮೇಲಿನ ಪದರಗಳಲ್ಲಿ ಇಡಬೇಕು. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶ ಇದಕ್ಕೆ ಸಾಕು. ಅದರಲ್ಲಿ `Image > Scale Image` ಎಂಬುದನ್ನು ಈ ಕೆಲಸ ಮುಗಿಯುವವರೆಗೂ ಮುಟ್ಟಬೇಡಿ. ನಕ್ಷೆ ಸ್ಕ್ಯಾನಿನಲ್ಲಿ ಸ್ವಲ್ಪ ವಾಲಿದ್ದರೂ ಅದನ್ನು ತಿರುಗಿಸಬೇಡಿ. ಹೊಸ ಪಟ್ಟಿಯ ಪದರವನ್ನೇ ಅಷ್ಟು ವಾಲಿಸಿದರೆ ಆಯ್ತು.

ಮೊದಲು ಹಳೆಯ ಪಟ್ಟಿಯನ್ನು ಅಳೆಯಿರಿ

ನನ್ನ ಸ್ಕ್ಯಾನ್ ಇಂಚಿಗೆ 300 ಪಿಕ್ಸೆಲಿನದು. ಒಂದು ಇಂಚಿಗೆ ಒಂದು ಮೈಲಿ ಎಂದಮೇಲೆ ಒಂದು ಮೈಲಿಗೆ 300 ಪಿಕ್ಸೆಲ್ ಬರಬೇಕು, 5 ಮೈಲಿಗೆ 1500. ಆದರೆ ಈ ಲೆಕ್ಕವನ್ನು ನಂಬಿ ಪಟ್ಟಿ ಎಳೆಯಬಾರದು. ಹಳೆಯ ಕಾಗದ ತೇವಕ್ಕೆ ಹಿಗ್ಗಿ ಒಣಗಿ ಕುಗ್ಗಿರ್ತದೆ, ಸ್ಕ್ಯಾನರಿನಲ್ಲೂ ಚೂರು ವ್ಯತ್ಯಾಸ ಇರ್ತದೆ. ಅಚ್ಚಾದ ಪಟ್ಟಿ ಮಾತ್ರ ನಕ್ಷೆಯ ಜೊತೆಗೇ ಹಿಗ್ಗಿ ಕುಗ್ಗಿದ್ದರಿಂದ ಅದನ್ನೇ ಅಳೆಯಬೇಕು.

ಚಿತ್ರವನ್ನು 400 ಶೇಕಡಾಕ್ಕೆ ದೊಡ್ಡದು ಮಾಡಿ ನೋಡಿ. ಇದು ನೋಟ ಮಾತ್ರ, ಚಿತ್ರ ಬದಲಾಗುವುದಿಲ್ಲ. `Measure` ಉಪಕರಣದಿಂದ ಸೊನ್ನೆಯ ಗೆರೆಯ ಮಧ್ಯದಿಂದ 5 ಮೈಲಿ ಗೆರೆಯ ಮಧ್ಯದವರೆಗೆ ಅಳೆಯಿರಿ. ಸೊನ್ನೆಯ ಎಡಕ್ಕೆ ಮೈಲಿಯ ಸಣ್ಣ ಭಾಗಗಳ ತುಂಡು ಇರ್ತದೆ, ಅದನ್ನು ಸೇರಿಸಬಾರದು. ನನಗೆ ಮೂರು ಸಲ ಅಳೆದಾಗ ಸರಾಸರಿ 1494 ಪಿಕ್ಸೆಲ್ ಬಂತು. ಹಾಗಾದರೆ:

```
1 ಮೈಲಿ  = 1494 / 5         = 298.8 ಪಿಕ್ಸೆಲ್
1 ಕಿ.ಮೀ. = 298.8 / 1.609344 = 185.67 ಪಿಕ್ಸೆಲ್
5 ಕಿ.ಮೀ. = 185.67 × 5       = 928 ಪಿಕ್ಸೆಲ್
```

ಈ ಲೆಕ್ಕವನ್ನು ಇನ್ನೊಂದು ಕಡೆಯಿಂದ ಪರೀಕ್ಷಿಸಬಹುದು. ನಕ್ಷೆಯ ಅಂಚಿನಲ್ಲಿ ಪ್ರತಿ 5 ನಿಮಿಷಕ್ಕೆ ಅಕ್ಷಾಂಶ ರೇಖಾಂಶದ ಗುರುತು ಉಂಟು. ನಮ್ಮ ಊರು ಹೆಚ್ಚುಕಡಿಮೆ 12.5 ಡಿಗ್ರಿ ಉತ್ತರದಲ್ಲಿದೆ. ಅಲ್ಲಿ 5 ನಿಮಿಷ ಅಕ್ಷಾಂಶ ಎಂದರೆ 9.22 ಕಿ.ಮೀ., 5 ನಿಮಿಷ ರೇಖಾಂಶ ಎಂದರೆ 9.06 ಕಿ.ಮೀ. ಇವನ್ನು 185.67ರಿಂದ ಗುಣಿಸಿದರೆ ಉತ್ತರ-ದಕ್ಷಿಣವಾಗಿ ಸುಮಾರು 1712 ಪಿಕ್ಸೆಲ್, ಪೂರ್ವ-ಪಶ್ಚಿಮವಾಗಿ ಸುಮಾರು 1682 ಪಿಕ್ಸೆಲ್ ಬರಬೇಕು. ಎರಡೂ ನಾಲ್ಕೈದು ಪಿಕ್ಸೆಲಿನೊಳಗೆ ಹೊಂದಿದರೆ ಸ್ಕ್ಯಾನ್ ಸರಿ ಉಂಟು. ಒಂದು ದಿಕ್ಕಿನಲ್ಲಿ ಮಾತ್ರ ತುಂಬಾ ಕಮ್ಮಿ ಬಂದರೆ, ಯಾರೋ ಮೊದಲೇ ಚಿತ್ರವನ್ನು ಎಳೆದಿದ್ದಾರೆ ಎಂದರ್ಥ. ಅಂಥ ನಕ್ಷೆಗೆ ಒಂದೇ ಪಟ್ಟಿ ಎರಡೂ ದಿಕ್ಕಿಗೆ ನಿಜವಾಗಲು ಸಾಧ್ಯವಿಲ್ಲ, ಬೇರೆ ಸ್ಕ್ಯಾನ್ ಹುಡುಕುವುದೇ ದಾರಿ. ನನ್ನ ಹಿಂದಿನ ವರ್ಷದ ನಕ್ಷೆ ಈ ಪರೀಕ್ಷೆಯಲ್ಲಿ ಮೊದಲ ಅಳತೆಗೇ ಸಿಕ್ಕಿಬೀಳುತ್ತಿತ್ತು.

ಮುಚ್ಚುವುದು, ಎಳೆಯುವುದು, ಬರೆಯುವುದು

ಕೆಲಸ ಶುರು ಮಾಡುವ ಮೊದಲು `Image > Mode` ನೋಡಿ. ಅದು `Indexed` ಎಂದಿದ್ದರೆ `RGB` ಮಾಡಿಕೊಳ್ಳಿ. `Indexed` ಚಿತ್ರದಲ್ಲಿ ಕೆಲವೇ ಬಣ್ಣಗಳ ಪಟ್ಟಿ ಇರುವುದರಿಂದ ಹೊಸ ಅಕ್ಷರದ ಅಂಚುಗಳು ಹಲ್ಲುಹಲ್ಲಾಗಿ ಬರ್ತವೆ. `RGB` ಮಾಡಿದಾಗ ಹಳೆಯ ಪಿಕ್ಸೆಲ್‌ಗಳ ಬಣ್ಣ ಬದಲಾಗುವುದಿಲ್ಲ.

ಹಳೆಯ ಪದಗಳನ್ನು ಮುಚ್ಚಲು ಬಿಳಿ ಬಣ್ಣ ಬೇಡ. ಹಳೆಯ ಕಾಗದ ಹಳದಿಗಟ್ಟಿರುವುದರಿಂದ ಬಿಳಿ ಚೌಕ ತೇಪೆ ಹಾಕಿದ ಹಾಗೆ ಎದ್ದು ಕಾಣ್ತದೆ. ಅಂಚಿನಲ್ಲಿ ಖಾಲಿ ಇರುವ ಕಾಗದದ ತುಂಡನ್ನು ಆಯ್ದು, ನಕಲು ಮಾಡಿ, ಹೊಸ ಪದರವಾಗಿ ಅಂಟಿಸಿ ಪದಗಳ ಮೇಲೆ ಸರಿಸಿ. ತುಂಡು ಸಾಲದಿದ್ದರೆ ಎಳೆದು ಹಿಗ್ಗಿಸುವ ಬದಲು ಇನ್ನೊಂದು ತುಂಡು ಅಂಟಿಸಿ. ಸೂಚಿಯ ಚಿಹ್ನೆಗಳನ್ನು ಮುಚ್ಚಬೇಡಿ, ಅವುಗಳ ಮುಂದಿನ ಪದಗಳನ್ನು ಮಾತ್ರ ಮುಚ್ಚಿ. ಮಕ್ಕಳು ನಕ್ಷೆಯೊಳಗೆ ಹುಡುಕುವುದು ಅದೇ ಚಿಹ್ನೆಯನ್ನು.

ಪಟ್ಟಿಗೆ ಮತ್ತೊಂದು ಪದರ. ಆಯತ ಆಯ್ಕೆಯ ಉಪಕರಣದಲ್ಲಿ ಗಾತ್ರವನ್ನು ಅಂಕಿಯಲ್ಲೇ ಕೊಡಬಹುದು: ಅಗಲ 928, ಎತ್ತರ 12. ಕಣ್ಣಂದಾಜಿನಲ್ಲಿ ಎಳೆಯುವುದು ಬೇಡ. ಒಳಗಿನ ಕಿಲೋಮೀಟರ್ ಗೆರೆಗಳನ್ನು ಹಾಕುವಾಗ ಒಂದು ಎಚ್ಚರ ಬೇಕು. 185.67ನ್ನು 186 ಮಾಡಿ ಐದು ಸಲ ಕೂಡಿಸಿದರೆ 930 ಆಗ್ತದೆ, ಪಟ್ಟಿ ಮೀರಿ ಹೋಗ್ತದೆ. ಪ್ರತಿ ಗೆರೆಯನ್ನೂ ಸೊನ್ನೆಯಿಂದಲೇ ಲೆಕ್ಕ ಹಾಕಿ ಆಮೇಲೆ ಪೂರ್ಣಾಂಕ ಮಾಡಿ: 186, 371, 557, 743, 928. ಹೀಗೆ ಮಾಡಿದರೆ ಯಾವ ಗೆರೆಯೂ ಅರ್ಧ ಪಿಕ್ಸೆಲಿಗಿಂತ ಹೆಚ್ಚು ತಪ್ಪುವುದಿಲ್ಲ. ಅರ್ಧ ಪಿಕ್ಸೆಲ್ ಎಂದರೆ ನೆಲದ ಮೇಲೆ ಮೂರು ಮೀಟರಿಗೂ ಕಮ್ಮಿ. ಮಕ್ಕಳ ಪೆನ್ಸಿಲ್ ಗೆರೆಯ ದಪ್ಪವೇ ಈ ನಕ್ಷೆಯಲ್ಲಿ ಹತ್ತಿಪ್ಪತ್ತು ಮೀಟರ್ ಆಗ್ತದೆ.

ಅಕ್ಷರಕ್ಕೆ ಯೂನಿಕೋಡ್ ಫಾಂಟ್ ಬಳಸಿ. ಹಳೆಯ ನುಡಿ ಅಥವಾ ಬರಹ ಕಡತದಿಂದ ಯೂನಿಕೋಡ್ ಅಲ್ಲದ ಪದಗಳನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಗುರುತುಗಳು ಬರ್ತವೆ. ಇಂಗ್ಲಿಷಿನ ಎರಡು ಸಾಲಿನ ನಡುವಿನ ಜಾಗ ಕನ್ನಡದ ಒತ್ತಕ್ಷರಕ್ಕೆ ಸಾಲುವುದಿಲ್ಲ. ‘ಕಚ್ಚಾ ರಸ್ತೆ’ ಎಂದು ಬರೆದರೆ ಕೆಳಗಿನ ಸಾಲಿನ ತಲೆಕಟ್ಟಿಗೆ ಒತ್ತು ತಾಗ್ತದೆ. ಚಿಹ್ನೆಗಳನ್ನು ಸರಿಸುವಂತಿಲ್ಲವಾದ್ದರಿಂದ ಅಕ್ಷರವನ್ನೇ ಸ್ವಲ್ಪ ಸಣ್ಣದು ಮಾಡಬೇಕು. ಸಾಧ್ಯವಿದ್ದಲ್ಲಿ ಒತ್ತಿಲ್ಲದ ಪದ ಆರಿಸಿದರೂ ಆಯ್ತು. ಕೊನೆಗೆ ಅಂಚಿನಲ್ಲಿ ಸಣ್ಣದಾಗಿ ‘ಸೂಚಿ ಅನುವಾದಿತ, ಅಳತೆಪಟ್ಟಿ ಮತ್ತೆ ಎಳೆದದ್ದು’ ಎಂದು ಬರೆಯಿರಿ. ನಾಳೆ ಇನ್ನೊಬ್ಬರು ಇದನ್ನೇ ಮೂಲ ಅಚ್ಚು ಎಂದು ತಿಳಿಯಬಾರದು.

ಉಳಿಸುವಾಗ ಆಗುವ ತಪ್ಪು

ಇಷ್ಟು ಜಾಗ್ರತೆ ಮಾಡಿ ಕೊನೆಗೆ ಜೆಪೆಗ್ ಆಗಿ ಉಳಿಸಿದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಜೆಪೆಗ್ ಇಡೀ ಚಿತ್ರವನ್ನು 8×8 ಪಿಕ್ಸೆಲಿನ ತುಂಡುಗಳಾಗಿ ಮತ್ತೆ ಸಂಕುಚಿಸ್ತದೆ. ನೀವು ಒಂದು ಮೂಲೆಯನ್ನು ಮಾತ್ರ ತಿದ್ದಿದ್ದರೂ ನಕ್ಷೆಯ ತುಂಬ ಗೆರೆಗಳ ಸುತ್ತ ಮಸುಕು ಬರ್ತದೆ. ಪದರಗಳೊಂದಿಗೆ `.xcf` ಕಡತವನ್ನು ಉಳಿಸಿಕೊಂಡು, ಬಳಸಲು `File > Export As` ಮೂಲಕ `.png` ಆಗಿ ತೆಗೆಯಿರಿ. ನಿಮಗೆ ಸಿಕ್ಕಿದ ಮೂಲವೇ ಜೆಪೆಗ್ ಆಗಿದ್ದರೂ ಹೀಗೇ ಮಾಡಿ. ಆಗಿದ್ದ ನಷ್ಟ ಹಾಗೇ ಉಳಿದರೂ ಹೊಸ ನಷ್ಟ ಸೇರುವುದಿಲ್ಲ.

ಉಳಿದ ನಕ್ಷೆ ನಿಜವಾಗಿಯೂ ಬದಲಾಗಿಲ್ಲ ಎಂದು ಬರಿಗಣ್ಣಿನಿಂದ ಹೇಳಲಿಕ್ಕಾಗುವುದಿಲ್ಲ. ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶ ಇದ್ದರೆ ಈ ಒಂದು ಸಾಲು ಸಾಕು:

```
magick compare mula.png hosa.png vyatyasa.png
```

ಮೂರನೇ ಚಿತ್ರದಲ್ಲಿ ಬದಲಾದ ಪಿಕ್ಸೆಲ್‌ಗಳು ಕೆಂಪಾಗಿ ಕಾಣ್ತವೆ. ಸೂಚಿ ಮತ್ತು ಪಟ್ಟಿಯ ಜಾಗ ಮಾತ್ರ ಕೆಂಪಾಗಿದ್ದರೆ ಗೆದ್ದಿರಿ. ನಕ್ಷೆಯ ತುಂಬ ಕೆಂಪು ಹರಡಿದ್ದರೆ ಎಲ್ಲೋ ಹಿಗ್ಗಿಸುವಿಕೆ, ತಿರುಗಿಸುವಿಕೆ ಅಥವಾ ಜೆಪೆಗ್ ನುಸುಳಿದೆ. ನಾನು ಮೊದಲ ಸಲ ಮಾಡಿದಾಗ ಚಂದ್ರಗಿರಿ ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಕೆಂಪು ಚುಕ್ಕೆ ಕಂಡಿತು. ಪೆನ್ಸಿಲ್ ಉಪಕರಣ ಕೈಯಲ್ಲಿರುವಾಗ ಗೊತ್ತಿಲ್ಲದೆ ಒಂದು ಕ್ಲಿಕ್ ಮಾಡಿದ್ದೆ. ಆ ಚುಕ್ಕೆ ಬಾವಿಯ ಗುರುತಿನ ಹಾಗೆಯೇ ಇತ್ತು.

ಕಾಗದಕ್ಕೆ ಬಂದಮೇಲೆ

ಇಷ್ಟು ದೊಡ್ಡ ಹಾಳೆಯನ್ನು ಶಾಲೆಯ ಪ್ರಿಂಟರಿನಲ್ಲಿ ತೆಗೆದರೆ ಅದು ಎ4ಗೆ ಕುಗ್ಗಿಯೇ ಬರ್ತದೆ. ಆಗ ನಕ್ಷೆ ಮತ್ತು ಪಟ್ಟಿ ಎರಡೂ ಒಂದೇ ಚಿತ್ರದಲ್ಲಿ ಒಟ್ಟಿಗೆ ಕುಗ್ಗುವುದರಿಂದ ಪಟ್ಟಿ ನಿಜವಾಗಿಯೇ ಉಳಿಯುತ್ತದೆ. ಸುಳ್ಳಾಗುವುದು ‘1 ಇಂಚಿಗೆ 1 ಮೈಲಿ’ ಎಂಬ ಸಾಲು ಮತ್ತು 1:63,360 ಎಂಬ ಪ್ರಮಾಣ. ಅವುಗಳ ಮುಂದೆ ‘ಮೂಲ ಹಾಳೆಯಲ್ಲಿ’ ಎಂದು ಸೇರಿಸಿಬಿಡಿ. ಸ್ಕೇಲಿನಿಂದ ಇಂಚು ಅಳೆಯಲು ಹೊರಟ ಮಕ್ಕಳಿಗೆ, ದಾರವನ್ನು ಪಟ್ಟಿಯ ಮೇಲೆ ಇಟ್ಟು ನೋಡಿ ಎಂದು ಹೇಳಿ. ಈ ವರ್ಷ ಅದೇ ವಿದ್ಯಾರ್ಥಿನಿ ಹೊಸ ನಕ್ಷೆಯ ಮೇಲೆ ಎರಡೂ ದಿಕ್ಕಿನಲ್ಲಿ ದಾರ ಇಟ್ಟು ಅಳೆದಳು. ಕಡಲು ಅದರ ಜಾಗಕ್ಕೆ ಹೋಗಿತ್ತು.