ಸ್ವವಿವರದಲ್ಲಿ ‘ಸಿಬಿಎಸ್‌ಇ’ ಎಂಬ ಪದ ಹುಡುಕಿ ನಾನು ಎಡವಿದ್ದು

ನಮ್ಮ ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸಕ್ಕೆ ಹೋಗುವ ಶಾಲೆಯೊಂದರ ಪ್ರಾಂಶುಪಾಲರು ಒಂದು ಬೇಸಿಗೆ ರಜೆಯಲ್ಲಿ ನನಗೆ ಕರೆ ಮಾಡಿದರು. ಅವರದು ಸಿಬಿಎಸ್‌ಇ ಶಾಲೆ. ಒಂಬತ್ತು ಮತ್ತು ಹತ್ತನೇ ತರಗತಿಗೆ ವಿಜ್ಞಾನ ಶಿಕ್ಷಕರೊಬ್ಬರು ಬೇಕಾಗಿದ್ದರು. “ಮೇಡಂ, ಮೂವತ್ತೊಂದು ಅರ್ಜಿ ಬಂದಿವೆ. ಸಂದರ್ಶನಕ್ಕೆ ಐದು ಜನರನ್ನು ಆರಿಸಿಕೊಡಿ” ಎಂದರು. ನಾನು ಭೌತವಿಜ್ಞಾನ ಬೋಧನೆಯ ಉಪನ್ಯಾಸಕಿ. ಕೆಲಸ ಸುಲಭವೆಂದುಕೊಂಡು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಆ ಮಧ್ಯಾಹ್ನ ಮಾಡಿದ ಒಂದು ತಪ್ಪಿನಿಂದಾಗಿ ಈ ಲೇಖನ ಬರೆಯುತ್ತಿದ್ದೇನೆ.

ಪ್ರಕಟಣೆ ಮೂರು ಸಾಲಿನದು: ಬಿ.ಎಸ್ಸಿ. ಪದವಿಯಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಇರಬೇಕು, ಬಿ.ಇಡಿ. ಆಗಿರಬೇಕು, ಸಿಬಿಎಸ್‌ಇ ಪಠ್ಯಕ್ರಮದ ಪರಿಚಯ ಇರಬೇಕು. ಮೂರನ್ನೂ ನಾನು ಒಂದೇ ತೂಕದ ಬೇಡಿಕೆಗಳೆಂದು ಓದಿದೆ. ಅವು ಹಾಗಿರಲಿಲ್ಲ. ಮೊದಲೆರಡು ಅಂಕಪಟ್ಟಿ ಮತ್ತು ಪ್ರಮಾಣಪತ್ರ ನೋಡಿದರೆ ಇತ್ಯರ್ಥವಾಗುವಂಥವು. ಉತ್ತರ ‘ಇದೆ’ ಅಥವಾ ‘ಇಲ್ಲ’. ಮೂರನೆಯದು ಹಾಗಲ್ಲ. ಅದಕ್ಕೆ ಪ್ರಮಾಣಪತ್ರವಿಲ್ಲ. ಒಬ್ಬರಲ್ಲಿ ಹೆಚ್ಚು, ಇನ್ನೊಬ್ಬರಲ್ಲಿ ಕಡಿಮೆ ಇರುತ್ತದೆ; ಸೇರಿದ ಮೇಲೂ ಗಳಿಸಿಕೊಳ್ಳಬಹುದು. ನಾನು ಮಾಡಿದ್ದು ತಿರುಗುಮುರುಗು: ಮೂರನೆಯದನ್ನೇ ಜರಡಿಯಾಗಿ ಹಿಡಿದು, ಮೊದಲೆರಡನ್ನು ಮೇಲುಮೇಲೆ ನೋಡಿದೆ.

ಎರಡು ಸ್ವವಿವರಗಳನ್ನು ಮುಂದಿಟ್ಟು ಹೇಳುತ್ತೇನೆ. ಹೆಸರು ಬೇಡ, ಮೊದಲನೆಯವರು, ಎರಡನೆಯವರು ಎನ್ನೋಣ.

ಮೊದಲನೆಯವರ ಸ್ವವಿವರದ ತಲೆಯಲ್ಲೇ ದಪ್ಪಕ್ಷರದಲ್ಲಿ ‘ಸಿಬಿಎಸ್‌ಇ ವಿಜ್ಞಾನ ಶಿಕ್ಷಕ, 3 ವರ್ಷಗಳ ಅನುಭವ’ ಎಂದಿತ್ತು. ಕೆಳಗೆ ಎಂ.ಎಸ್ಸಿ. ಭೌತಶಾಸ್ತ್ರ, ಬಿ.ಇಡಿ. ನಾನು ತಕ್ಷಣ ಗುರುತು ಹಾಕಿ ಆಯ್ಕೆಯ ಕಡತಕ್ಕೆ ಸೇರಿಸಿದೆ. ಎರಡನೆಯವರದು ಒಂದೇ ಪುಟ. ಬಿ.ಎಸ್ಸಿ. (ಪಿಸಿಎಂ) 2017, ಬಿ.ಇಡಿ. 2017–19, ಆಮೇಲೆ ರಾಜ್ಯ ಪಠ್ಯಕ್ರಮದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ನಾಲ್ಕು ವರ್ಷ. ‘ಸಿಬಿಎಸ್‌ಇ’ ಎಂಬ ಪದ ಎಲ್ಲೂ ಇರಲಿಲ್ಲ. ಪಕ್ಕಕ್ಕಿಟ್ಟೆ.

ಸಂದರ್ಶನದ ದಿನ ಮೊದಲನೆಯವರು ಪಾಠ ಮಾಡಿ ತೋರಿಸಲು ನಿಂತಾಗ ಸಂದೇಹ ಶುರುವಾಯಿತು. ನೇರ ವಿದ್ಯುತ್ ಪ್ರವಾಹದ ಭಾಗವನ್ನು ಚೆನ್ನಾಗಿಯೇ ಹೇಳಿದರು. ಆದರೆ ಪ್ರಾಂಶುಪಾಲರು ರಾಸಾಯನಿಕ ಸಮೀಕರಣವೊಂದನ್ನು ಸರಿದೂಗಿಸಿ ತೋರಿಸಿ ಎಂದಾಗ ತಡವರಿಸಿದರು. ಊಟದ ವಿರಾಮದಲ್ಲಿ ನಾನು ಸ್ವವಿವರವನ್ನು ಮತ್ತೆ ಬಿಡಿಸಿದೆ, ಈ ಸಲ ನಿಧಾನವಾಗಿ.

ವಿಷಯ ಪರಿಣತಿ: ಪದವಿಯ ಹೆಸರಲ್ಲ, ಐಚ್ಛಿಕಗಳ ಗುಂಪು

ಎಂ.ಎಸ್ಸಿ. ಭೌತಶಾಸ್ತ್ರ ಎಂಬುದು ನನ್ನ ಕಣ್ಣು ಕಟ್ಟಿತ್ತು. ಅದರ ಕೆಳಗಿನ ಸಾಲಿನಲ್ಲಿ ಬಿ.ಎಸ್ಸಿ. (ಪಿಎಂಇ) ಎಂದಿತ್ತು, ಅಂದರೆ ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್. ಪದವಿಯಲ್ಲಿ ಅವರು ರಸಾಯನಶಾಸ್ತ್ರ ಓದಿರಲೇ ಇಲ್ಲ. ಸಿಬಿಎಸ್‌ಇ ಹತ್ತನೇ ತರಗತಿಯಲ್ಲಿ ವಿಜ್ಞಾನ ಒಂದೇ ವಿಷಯ, ಒಂದೇ ಪ್ರಶ್ನೆಪತ್ರಿಕೆ. ಭೌತ, ರಸಾಯನ, ಜೀವ ಮೂರೂ ಅದರೊಳಗೆ. ಆ ಶಾಲೆಯಲ್ಲಿ ಜೀವಶಾಸ್ತ್ರಕ್ಕೆ ಬೇರೆ ಶಿಕ್ಷಕಿ ಇದ್ದರು. ಉಳಿದೆರಡನ್ನು ಹೊಸಬರೇ ನಡೆಸಬೇಕಿತ್ತು. ಇದೇ ಅಭ್ಯರ್ಥಿ ಐಸಿಎಸ್‌ಇ ಶಾಲೆಗೆ ಅರ್ಜಿ ಹಾಕಿದ್ದರೆ ಮಾತು ಬೇರೆ. ಅಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಕ್ಕೆ ಪ್ರತ್ಯೇಕ ಪತ್ರಿಕೆಗಳಿವೆ, ಭೌತಶಾಸ್ತ್ರ ಮಾತ್ರ ಕಲಿಸುವ ಹುದ್ದೆ ಸಹಜ. ಹಾಗಾಗಿ ‘ವಿಷಯ ಹೊಂದುತ್ತದೆಯೇ’ ಎಂಬ ಪ್ರಶ್ನೆಗೆ ಮಂಡಳಿ ಯಾವುದೆಂದು ತಿಳಿಯದೆ ಉತ್ತರವಿಲ್ಲ.

ಈಗ ನಾನು ಪ್ರತಿ ಸ್ವವಿವರದಲ್ಲೂ ಒಂದು ಅಡ್ಡಗೆರೆ ಎಳೆದು ಓದುತ್ತೇನೆ: ಪದವಿಯ ಐಚ್ಛಿಕ ವಿಷಯಗಳು, ಬಿ.ಇಡಿ.ಯ ಬೋಧನಾ ವಿಷಯಗಳು, ನಿಜವಾಗಿ ಕಲಿಸಿದ ವಿಷಯ ಮತ್ತು ತರಗತಿ. ಮೂರೂ ಒಂದೇ ದಾರಿಯಲ್ಲಿ ಸಾಗಿದ್ದರೆ ಪರಿಣತಿ ಇದೆ ಎನ್ನಬಹುದು. ಎಲ್ಲಿ ದಾರಿ ಮುರಿಯುತ್ತದೋ ಅಲ್ಲಿ ಪ್ರಶ್ನೆ ಕೇಳಬೇಕು. ಮೊದಲನೆಯವರದು ಮೂರನೇ ನಿಲ್ದಾಣದಲ್ಲೂ ಮುರಿದಿತ್ತು. ಮೂರು ವರ್ಷದ ಸಿಬಿಎಸ್‌ಇ ಅನುಭವದ ಕೆಳಗೆ ಸಣ್ಣಕ್ಷರದಲ್ಲಿ ‘6, 7ನೇ ತರಗತಿ, ಗಣಿತ’ ಎಂದಿತ್ತು.

ಬಿ.ಇಡಿ.: ಇದೆಯೇ ಎಂಬುದರ ಜೊತೆಗೆ ಯಾವಾಗ ಎಂಬುದು

ಪ್ರೌಢಶಾಲಾ ಶಿಕ್ಷಕರಿಗೆ ಪದವಿಯ ಜೊತೆ ಬಿ.ಇಡಿ. ಬೇಕೆಂಬುದು ಎನ್‌ಸಿಟಿಇ ನಿಗದಿ ಮಾಡಿದ ಅರ್ಹತೆ. ಸಂಯೋಜನೆ ಪಡೆದ ಶಾಲೆಗಳು ಅದನ್ನು ಪಾಲಿಸಬೇಕೆಂದು ಸಿಬಿಎಸ್‌ಇ ಕೇಳುತ್ತದೆ. ಹಾಗಾಗಿ ಎಂ.ಎಸ್ಸಿ. ಇದ್ದ ಮಾತ್ರಕ್ಕೆ ಬಿ.ಇಡಿ.ಯ ಕೊರತೆ ತುಂಬುವುದಿಲ್ಲ. ‘ಬಿ.ಇಡಿ. ಓದುತ್ತಿದ್ದೇನೆ’, ‘ಫಲಿತಾಂಶ ಬರಬೇಕಿದೆ’ ಎಂಬ ಸಾಲುಗಳನ್ನು ‘ಇದೆ’ ಎಂದು ಓದಬಾರದು. ಶಾಲೆ ಅವರಿಗಾಗಿ ಕಾಯಲು ಸಿದ್ಧವಿದೆಯೇ ಎಂದು ಕೇಳಿ ಬೇರೆ ಪಟ್ಟಿಯಲ್ಲಿಡಬೇಕು.

ಇಸವಿಗಳನ್ನು ಲೆಕ್ಕ ಹಾಕುವುದು ಎರಡನೇ ಹೆಜ್ಜೆ. ಎನ್‌ಸಿಟಿಇಯ 2014ರ ನಿಯಮಗಳ ನಂತರ ಬಿ.ಇಡಿ. ಎರಡು ವರ್ಷದ ಕೋರ್ಸಾಯಿತು. ಅದರೊಳಗೆ ಇಪ್ಪತ್ತು ವಾರ ಶಾಲೆಗಳೊಂದಿಗಿನ ಕೆಲಸ. ಅದಕ್ಕೂ ಹಿಂದಿನವರ ಒಂದು ವರ್ಷದ ಬಿ.ಇಡಿ. ಪೂರ್ಣ ಸಿಂಧು, ಅದನ್ನು ಕೊರತೆ ಎಂದು ಎಣಿಸಬಾರದು. ಮೊದಲನೆಯವರು ಬಿ.ಇಡಿ. 2021–23 ಎಂದು ಬರೆದಿದ್ದರು. ಸಿಬಿಎಸ್‌ಇ ಶಾಲೆಯ ಅನುಭವ 2021–24, ಅದೂ ಬೇರೆ ಜಿಲ್ಲೆಯಲ್ಲಿ. ಪೂರ್ಣಾವಧಿ ಕೋರ್ಸ್ ಮತ್ತು ಪೂರ್ಣಾವಧಿ ಕೆಲಸ ಎರಡು ಊರಲ್ಲಿ ಒಟ್ಟಿಗೆ ನಡೆಯಲಾರವು. ಮೋಸವೆಂದು ತೀರ್ಮಾನಿಸುವ ಮೊದಲು ಕೇಳಿದೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು: ಮೊದಲ ಎರಡು ವರ್ಷ ರಜಾದಿನಗಳಲ್ಲಿ ಆ ಶಾಲೆಯ ಮಕ್ಕಳಿಗೆ ಮನೆಪಾಠ, ಶಾಲೆಯಲ್ಲಿ ಕೆಲಸ ಮಾಡಿದ್ದು ಕೊನೆಯ ಒಂದು ವರ್ಷ. ಮೂರು ಒಂದಾಯಿತು.

ಟಿಇಟಿ ಬಗ್ಗೆ ಒಂದು ಮಾತು. ಎನ್‌ಸಿಟಿಇಯ 2010ರ ಅಧಿಸೂಚನೆಯಂತೆ ಅದು ಒಂದರಿಂದ ಎಂಟನೇ ತರಗತಿಯ ಶಿಕ್ಷಕರಿಗೆ ಬೇಕಾದ ಅರ್ಹತೆ. ಎರಡನೆಯವರು ಅದನ್ನು ಬರೆದಿಲ್ಲವೆಂದೂ ನಾನು ಒಂದು ಕಳೆ ಚಿಹ್ನೆ ಹಾಕಿದ್ದೆ. ಹುದ್ದೆ ಒಂಬತ್ತು–ಹತ್ತಕ್ಕೆ ಇದ್ದಾಗ, ಪ್ರಕಟಣೆಯೂ ಕೇಳದಿದ್ದಾಗ, ಆ ಚಿಹ್ನೆಗೆ ಆಧಾರವೇ ಇರಲಿಲ್ಲ. ಅದೇ ಶಿಕ್ಷಕರಿಗೆ ಎಂಟನೇ ತರಗತಿಯನ್ನೂ ಕೊಡುವ ಯೋಚನೆ ಶಾಲೆಗಿದ್ದರೆ ಮಾತ್ರ ಆ ಪ್ರಶ್ನೆ ಏಳುತ್ತದೆ.

ಮಂಡಳಿಯ ಪರಿಚಯ: ಏನು ಒಂದೇ, ಏನು ಬೇರೆ

ಈಗ ಎರಡನೆಯವರ ಸ್ವವಿವರಕ್ಕೆ ಬರೋಣ. ‘ರಾಜ್ಯ ಪಠ್ಯಕ್ರಮ, 9 ಮತ್ತು 10ನೇ ತರಗತಿ ವಿಜ್ಞಾನ, ಆಂಗ್ಲ ಮಾಧ್ಯಮ, 2019–23’ ಎಂದಿತ್ತು. ನಮ್ಮ ರಾಜ್ಯದ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಎನ್‌ಸಿಇಆರ್‌ಟಿ ಪಠ್ಯವನ್ನೇ ಅಳವಡಿಸಿಕೊಂಡದ್ದು. ಬೆಳಕಿನ ಪ್ರತಿಫಲನ ಮತ್ತು ವಕ್ರೀಭವನ, ವಿದ್ಯುಚ್ಛಕ್ತಿ, ಆಮ್ಲ–ಪ್ರತ್ಯಾಮ್ಲ–ಲವಣ, ಇವೆಲ್ಲ ಅಲ್ಲೂ ಇವೆ, ಇಲ್ಲೂ ಇವೆ, ಚಟುವಟಿಕೆಗಳೂ ಅವೇ. ಎಸ್ಸೆಸ್ಸೆಲ್ಸಿಯಲ್ಲೂ ವಿಜ್ಞಾನಕ್ಕೆ 80 ಅಂಕದ ಲಿಖಿತ ಪರೀಕ್ಷೆ, 20 ಆಂತರಿಕ ಅಂಕ, ಸಿಬಿಎಸ್‌ಇಯಲ್ಲೂ ಹಾಗೆಯೇ. ಅಂದರೆ ಪಾಠದ ಮಟ್ಟಿಗೆ ಅವರು ‘ಸಿಬಿಎಸ್‌ಇ ಪುಸ್ತಕ’ವನ್ನು ವರ್ಷಗಟ್ಟಲೆ ಕಲಿಸಿದ್ದರು. ಆ ಪದ ಬರೆದಿರಲಿಲ್ಲ, ಅಷ್ಟೆ.

ಬೇರೆಯಾಗಿರುವುದು ಮೌಲ್ಯಮಾಪನದ ರೀತಿ. ಸಿಬಿಎಸ್‌ಇ ಹತ್ತನೇ ತರಗತಿಯ 20 ಆಂತರಿಕ ಅಂಕಗಳು ಐದೈದರಂತೆ ನಾಲ್ಕು ಭಾಗ: ನಿಯತಕಾಲಿಕ ಪರೀಕ್ಷೆ, ಬಹುವಿಧ ಮೌಲ್ಯಾಂಕನ, ಪೋರ್ಟ್‌ಫೋಲಿಯೊ, ವಿಷಯ ಸಮೃದ್ಧಿ ಚಟುವಟಿಕೆ, ವಿಜ್ಞಾನದಲ್ಲಿ ಕೊನೆಯದು ಪ್ರಯೋಗಗಳು. ಲಿಖಿತ ಪತ್ರಿಕೆಯಲ್ಲಿ ಅರ್ಧದಷ್ಟು ಸಾಮರ್ಥ್ಯಾಧಾರಿತ ಪ್ರಶ್ನೆಗಳು. ಸನ್ನಿವೇಶವೊಂದನ್ನೋ ದತ್ತಾಂಶವನ್ನೋ ಕೊಟ್ಟು ಕೇಳುವಂಥವು ಅವು. ಹೇಳಿಕೆ–ಕಾರಣ ಮಾದರಿಯವೂ ಪತ್ರಿಕೆಯಲ್ಲಿರುತ್ತವೆ. ಪರಿಚಯವನ್ನು ಅಳೆಯಬೇಕಾದದ್ದು ಇಲ್ಲಿ. ಅದಕ್ಕೆ ಹತ್ತು ನಿಮಿಷದ ಒಂದು ಕೆಲಸ ಸಾಕು. ‘ಓಮನ ನಿಯಮವನ್ನು ನಿರೂಪಿಸಿ’ ಎಂಬ ಪ್ರಶ್ನೆಯನ್ನು ಅಭ್ಯರ್ಥಿಗೆ ಕೊಟ್ಟು, ಇದನ್ನೇ ದತ್ತಾಂಶ ಆಧಾರಿತ ಪ್ರಶ್ನೆಯಾಗಿ ಬದಲಿಸಿ ಎನ್ನುತ್ತೇನೆ. ಚೆನ್ನಾಗಿ ಮಾಡುವವರು ಹೀಗೆ ಬರೆಯುತ್ತಾರೆ: ಒಂದು ತಂತಿಗೆ 1.5, 3.0, 4.5 ವೋಲ್ಟ್ ಕೊಟ್ಟಾಗ ಪ್ರವಾಹ ಕ್ರಮವಾಗಿ 0.3, 0.6, 0.8 ಆಂಪಿಯರ್, ಯಾವ ಅಳತೆ ನಿಯಮದಿಂದ ಸರಿಯಿತು, ಏಕಿರಬಹುದು? ಮೊದಲೆರಡರಲ್ಲಿ ರೋಧ 5 ಓಮ್, ಮೂರನೆಯದರಲ್ಲಿ ಸುಮಾರು 5.6, ತಂತಿ ಬಿಸಿಯಾಗಿ ರೋಧ ಏರಿರಬಹುದು. ಇಂಥ ಪ್ರಶ್ನೆ ಕಟ್ಟಬಲ್ಲವರಿಗೆ ಸಿಬಿಎಸ್‌ಇಯ ಮಾದರಿ ಪ್ರಶ್ನೆಪತ್ರಿಕೆ ಮತ್ತು ಅಂಕಯೋಜನೆ ಕೈಗಿತ್ತರೆ ಉಳಿದದ್ದು ಕೆಲವು ವಾರಗಳ ಮಾತು. ಪದವಿಯಲ್ಲಿ ಓದದ ರಸಾಯನಶಾಸ್ತ್ರ ಕೆಲವು ವಾರಗಳಲ್ಲಿ ಬರುವುದಿಲ್ಲ.

ಎರಡನೆಯವರ ಸ್ವವಿವರದ ಕೊನೆಯಲ್ಲಿ ನಾನು ಓದದೆ ಬಿಟ್ಟ ಒಂದು ಸಾಲಿತ್ತು: ‘ಹತ್ತನೇ ತರಗತಿಯ ಘಟಕ ಪರೀಕ್ಷೆಗಳಿಗೆ ನೀಲನಕ್ಷೆ ಮತ್ತು ಅನ್ವಯ ಪ್ರಶ್ನೆಗಳ ತಯಾರಿ.’ ನನಗೆ ಬೇಕಿದ್ದ ಸಾಕ್ಷ್ಯ ಅದೇ. ಅಂದೇ ಸಂಜೆ ಪ್ರಾಂಶುಪಾಲರಿಗೆ ತಪ್ಪು ಒಪ್ಪಿಕೊಂಡು, ಅವರ ಎದುರಿನಲ್ಲೇ ಆ ಅಭ್ಯರ್ಥಿಗೆ ಫೋನ್ ಮಾಡಿದೆ. “ಮೇಡಂ, ನಿನ್ನೆಯಷ್ಟೇ ಬೇರೆ ಕಡೆ ಸೇರಿಕೊಂಡೆ” ಎಂದರು ಆಕೆ. ಶಾಲೆ ಮತ್ತೆ ಪ್ರಕಟಣೆ ಹೊರಡಿಸಿತು. ಜೂನ್ ಪೂರ್ತಿ ಹತ್ತನೇ ತರಗತಿಯ ರಸಾಯನಶಾಸ್ತ್ರದ ಪಾಠಗಳು ನಡೆಯಲಿಲ್ಲ.

ಅಂದಿನಿಂದ ನನ್ನ ಕ್ರಮ ಬದಲಾಗಿದೆ. ಸ್ವವಿವರ ತೆರೆಯುವ ಮೊದಲು ಹುದ್ದೆಯವರು ಯಾವ ತರಗತಿಗೆ, ಯಾವ ಯಾವ ಭಾಗ ಕಲಿಸಬೇಕೆಂದು ಶಾಲೆಯನ್ನು ಕೇಳಿ ಬರೆದುಕೊಳ್ಳುತ್ತೇನೆ. ಮೊದಲ ಓದಿನಲ್ಲಿ ಐಚ್ಛಿಕಗಳು ಮತ್ತು ಬಿ.ಇಡಿ. ಮಾತ್ರ, ಇಲ್ಲಿ ‘ಇಲ್ಲ’ ಬಂದರೆ ಮುಂದೆ ಹೋಗುವುದಿಲ್ಲ. ಎರಡನೇ ಓದಿನಲ್ಲಿ ಇಸವಿ, ತರಗತಿ, ವಿಷಯ. ಮಂಡಳಿಯ ಪರಿಚಯಕ್ಕೆ ಕೊನೆಯ ಸ್ಥಾನ. ಅಲ್ಲಿ ಹೆಸರು ನೋಡದೆ ಕೆಲಸ ನೋಡುತ್ತೇನೆ. ಸಂದೇಹವಿದ್ದವರನ್ನು ಕೈಬಿಡದೆ ಸಂದರ್ಶನಕ್ಕೆ ಕರೆದು ಆ ಹತ್ತು ನಿಮಿಷದ ಕೆಲಸ ಕೊಡುತ್ತೇನೆ.

ಪ್ರಶಿಕ್ಷಣಾರ್ಥಿಗಳಿಗೆ ಇದರಿಂದ ಸಿಗುವುದು ಎರಡು ಸಾಲು ಬರೆಯುವ ರೀತಿ. ‘ಬಿ.ಎಸ್ಸಿ., ಬಿ.ಇಡಿ.’ ಎಂದು ನಿಲ್ಲಿಸದೆ ‘ಬಿ.ಎಸ್ಸಿ. (ಪಿಸಿಎಂ), ಬಿ.ಇಡಿ., ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ’ ಎಂದು ಬರೆಯಿರಿ. ಇಂಟರ್ನ್‌ಶಿಪ್ಪನ್ನು ‘ಇಪ್ಪತ್ತು ವಾರ’ ಎಂದಷ್ಟೇ ಬರೆಯದೆ, ಯಾವ ಪಠ್ಯಕ್ರಮದ ಶಾಲೆ, ಯಾವ ತರಗತಿ, ಯಾವ ಘಟಕಗಳು, ಯಾವ ಪರೀಕ್ಷೆಗೆ ನೀಲನಕ್ಷೆ ಮಾಡಿದಿರಿ ಎಂದು ಬರೆಯಿರಿ. ಇಲ್ಲದ ಸಿಬಿಎಸ್‌ಇ ಅನುಭವವನ್ನು ಸೇರಿಸಬೇಡಿ. ಎನ್‌ಸಿಇಆರ್‌ಟಿ ಆಧಾರಿತ ಪಠ್ಯವನ್ನು ಕಲಿಸಿದ್ದರೆ ಅದನ್ನು ಹೇಳಲು ಮರೆಯಬೇಡಿ. ನನ್ನಂತೆ ಅವಸರದಲ್ಲಿ ಓದುವವರ ಕಣ್ಣಿಗೂ ಅದು ಬೀಳಬೇಕು.