ರೀಲ್ಸ್ ಓಡಿತು, ಆರ್ಡರ್ ಯಾವುದರಿಂದ ಬಂತು?

ಧಾರವಾಡದಲ್ಲಿ ಶೇಂಗಾ, ಗುರೆಳ್ಳು, ಅಗಸೆ ಚಟ್ನಿಪುಡಿ ಮಾಡಿ ಮಾರುವ ಒಂದು ಮನೆ ಉದ್ಯಮವಿದೆ ಎಂದಿಟ್ಟುಕೊಳ್ಳಿ. ಮನೆಯವರು ವಾರಕ್ಕೆ 3 ರೀಲ್ಸ್, 2 ಕೆರೋಸೆಲ್ (ಬೆರಳಿನಿಂದ ಸರಿಸುತ್ತ ನೋಡುವ ಚಿತ್ರಗಳ ಸಾಲು) ಇನ್‌ಸ್ಟಾಗ್ರಾಮ್‌ಗೆ ಹಾಕುತ್ತಾರೆ, 1 ಬರಹ ಫೇಸ್‌ಬುಕ್‌ಗೆ ಬರೆಯುತ್ತಾರೆ. ಜನವರಿಯಿಂದ ಮಾರ್ಚ್‌ವರೆಗೆ ಹೀಗೇ ನಡೆಯಿತು. ಇನ್ನು ಮುಂದಿನ ಮೂರು ತಿಂಗಳು ಯಾವುದಕ್ಕೆ ಎಷ್ಟು ಜಾಗ ಕೊಡಬೇಕು? ಕೆಳಗಿನ ಅಂಕಿಗಳನ್ನು ಲೆಕ್ಕ ತೋರಿಸಲೆಂದೇ ಇಟ್ಟಿದ್ದೇನೆ. ಲೆಕ್ಕದ ದಾರಿ ಮಾತ್ರ ಯಾರಿಗಾದರೂ ಒಂದೇ.

ಎಲ್ಲರೂ ಮೊದಲು ನೋಡುವುದು ವ್ಯೂಸ್. ಅಲ್ಲೇ ದಾರಿ ತಪ್ಪುವುದೂ. ವಿಡಿಯೊ ಓಡಲು ಶುರುವಾದರೆ ಒಂದು ವ್ಯೂ, ಅದೇ ವ್ಯಕ್ತಿ ಮತ್ತೆ ನೋಡಿದರೆ ಇನ್ನೊಂದು. ಬರಹವನ್ನು ಒಬ್ಬರು ಕೊನೆಯವರೆಗೂ ಓದಿದರೋ ಕಣ್ಣು ಹಾಯಿಸಿ ಮುಂದೆ ಹೋದರೋ ಆ ಅಂಕಿ ಹೇಳುವುದಿಲ್ಲ. ಎರಡು ಬೇರೆ ಆ್ಯಪ್‌ಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದೂ ಕಷ್ಟ. ಹಾಗಾಗಿ ಮೂರಕ್ಕೂ ಹೊಂದುವ ಒಂದೇ ಅಳತೆ ಬೇಕು. ಈ ಮನೆಗೆ ಅದು ವಾಟ್ಸ್‌ಆ್ಯಪ್‌ಗೆ ಬರುವ ವಿಚಾರಣೆ. ರೀಲ್ಸ್‌ನ ಕೊನೆಯಲ್ಲಿ ‘ರುಚಿ ಎಂದು ಮೆಸೇಜ್ ಮಾಡಿ’ ಎಂದೂ, ಕೆರೋಸೆಲ್‌ನ ಕೊನೆಯ ಚಿತ್ರದಲ್ಲಿ ‘ಪುಡಿ’ ಎಂದೂ, ಬರಹದಡಿ ‘ಊಟ’ ಎಂದೂ ಹಾಕಿದರೆ ಸಾಕು, ಯಾರು ಯಾವುದನ್ನು ನೋಡಿ ಬಂದರೆಂಬುದು ಫೋನಿನಲ್ಲೇ ತಿಳಿಯುತ್ತದೆ. ಕೆಲವರು ಆ ಪದ ಬರೆಯದೆ ನೇರ ರೇಟ್ ಕೇಳುತ್ತಾರೆ. ಅಂಥವರನ್ನು ‘ಎಲ್ಲಿ ನೋಡಿದಿರಿ?’ ಎಂದು ಕೇಳಿಬಿಡಬೇಕು.

ಇನ್ನೊಂದು ಕಾಲಂ ಶ್ರಮದ್ದು. ಒಂದು ರೀಲ್‌ಗೆ ಶೂಟಿಂಗ್, ಎಡಿಟಿಂಗ್ ಸೇರಿ 3 ಗಂಟೆ, ಕೆರೋಸೆಲ್‌ಗೆ 2, ಬರಹಕ್ಕೆ 1. ವಾರಕ್ಕೆ ಒಟ್ಟು 14 ಗಂಟೆ. ಇದನ್ನು ಬರೆದಿಡದವರೇ ಹೆಚ್ಚು.

ಹಬ್ಬದ ವಾರವನ್ನು ಪಕ್ಕಕ್ಕಿಡಬೇಕು. ಸಂಕ್ರಾಂತಿ ಬಂತೆಂದರೆ ಉತ್ತರ ಕರ್ನಾಟಕದಲ್ಲಿ ಸಜ್ಜೆ ರೊಟ್ಟಿಗೆ ಶೇಂಗಾ ಹಿಂಡಿ ಬೇಕೇ ಬೇಕು. ಆ ವಾರ ಏನು ಹಾಕಿದರೂ ಫೋನ್ ಬರುತ್ತದೆ. ಅದರ ಶ್ರೇಯ ಹಬ್ಬದ್ದು, ಪೋಸ್ಟಿನದ್ದಲ್ಲ. ಹಾಗೆಯೇ ಪ್ರತಿ ಪೋಸ್ಟಿಗೂ 14 ದಿನ ಬಿಟ್ಟು ಲೆಕ್ಕ ಬರೆಯಬೇಕು. ಬರಹದ ಓಟ ಎರಡು-ಮೂರು ದಿನಕ್ಕೆ ಮುಗಿಯಬಹುದು, ರೀಲ್ಸ್ ಹತ್ತನೇ ದಿನಕ್ಕೂ ಹೊಸಬರ ಕಣ್ಣಿಗೆ ಬೀಳಬಹುದು. ಮಾರ್ಚ್ 31ಕ್ಕೇ ಕೂಡಿಸಿದರೆ ಕೊನೆಯ ರೀಲ್ಸ್‌ಗೆ ಅನ್ಯಾಯವಾಗುತ್ತದೆ. ಏಪ್ರಿಲ್ ಮಧ್ಯದವರೆಗೆ ಕಾಯುವುದೇ ಸರಿ.

ಈಗ 12 ವಾರದ ಲೆಕ್ಕ. 36 ರೀಲ್ಸ್‌ಗೆ 108 ಗಂಟೆ ಹೋಗಿದೆ, 72 ವಿಚಾರಣೆ ಬಂದಿವೆ. 24 ಕೆರೋಸೆಲ್‌ಗೆ 48 ಗಂಟೆ, 84 ವಿಚಾರಣೆ. 12 ಬರಹಕ್ಕೆ 12 ಗಂಟೆ, 24 ವಿಚಾರಣೆ. ಅಂದರೆ ಒಂದು ಗಂಟೆಯ ದುಡಿಮೆಗೆ ಬರಹ 2, ಕೆರೋಸೆಲ್ ಸುಮಾರು ಎರಡರ ಹತ್ತಿರ. ರೀಲ್ಸ್ ಮಾತ್ರ ಒಂದೂ ತುಂಬುವುದಿಲ್ಲ.

ಆದರೆ ರೀಲ್ಸ್‌ನ ಸರಾಸರಿ ನೋಟ 5,000ಕ್ಕೂ ಹೆಚ್ಚಿತ್ತಲ್ಲ? ಒಂದೇ ಒಂದು ರೀಲ್ ಒಂದು ಲಕ್ಷ ದಾಟಿದ್ದರ ಫಲ ಅದು. ಎಲ್ಲವನ್ನೂ ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ನೋಡಿದರೆ 2,400. ಆ ಲಕ್ಷದ ರೀಲ್‌ನಿಂದ ಬಂದ ವಿಚಾರಣೆ 6. ನೋಡಿದವರಲ್ಲಿ ಬಹುಪಾಲು ಚಟ್ನಿಪುಡಿ ಕಳಿಸಲಾಗದ ಊರಿನವರು. ಸರಾಸರಿಯನ್ನು ನಂಬಿ ಮೊಬೈಲ್ ಸ್ಟ್ಯಾಂಡು, ಲೈಟು ಎಂದು ದುಡ್ಡು ಹಾಕುವುದು ಇಂಥ ಕಡೆಯೇ.

ಹಾಗಾದರೆ ಬರಹವನ್ನೇ ಹೆಚ್ಚಿಸಿದರೆ? ಅವಸರ ಬೇಡ. ಆ 24ರಲ್ಲಿ 13 ವಿಚಾರಣೆ ಎರಡೇ ಬರಹಗಳಿಂದ ಬಂದಿವೆ, ಎರಡೂ ಅಜ್ಜಿಯ ಒರಳುಕಲ್ಲಿನ ಬಗ್ಗೆ. ಗೆದ್ದದ್ದು ವಿಷಯವೋ ರೂಪವೋ ಹೇಳಲಾಗದು. ಅದೇ ವಿಷಯವನ್ನು ಕೆರೋಸೆಲ್ ಆಗಿಯೂ ಮಾಡಿ ನೋಡಿದರೆ ತಿಳಿಯುತ್ತದೆ. ಕೆರೋಸೆಲ್‌ಗಳು ಯಾವಾಗಲೂ ಭಾನುವಾರ ಬೆಳಿಗ್ಗೆಯೇ ಹೋಗಿದ್ದರೆ ಅದೂ ಅನುಮಾನದ ಮಾತೇ. ಮುಂದಿನ ಸಲ ವಾರ ಬದಲಿಸಬೇಕು.

ರೀಲ್ಸ್ ಪೂರ್ತಿ ಬಿಡುವುದೂ ತಪ್ಪು. ಪೇಜ್ ಫಾಲೋ ಮಾಡದ ಹೊಸಬರು ಬರುವುದು ಹೆಚ್ಚಾಗಿ ಆ ಬಾಗಿಲಿನಿಂದ. ಕೆರೋಸೆಲ್ ನೋಡಿ ಆರ್ಡರ್ ಕೊಟ್ಟವರು ಮೊದಲು ರೀಲ್ ನೋಡಿಯೇ ಬಂದಿರಬಹುದು. ಇನ್ನು ಕೆರೋಸೆಲ್ ಇಮ್ಮಡಿ ಮಾಡಿದರೆ ವಿಚಾರಣೆ ಇಮ್ಮಡಿಯಾಗುವುದಿಲ್ಲ, ಅವೇ ಗಿರಾಕಿಗಳಿಗೆ ಬೇಸರ ಬರುತ್ತದೆ. ಆದ್ದರಿಂದ ನನ್ನ ಮಟ್ಟಿಗೆ ಬದಲಾವಣೆ ಇಷ್ಟೇ: ವಾರಕ್ಕೆ 2 ರೀಲ್ಸ್, 3 ಕೆರೋಸೆಲ್, 2 ಬರಹ. ಗಂಟೆ ಮತ್ತೆ 14. ಜೂನ್ ಮುಗಿದಾಗ ಕೆರೋಸೆಲ್‌ನ ಗಂಟೆಯ ಗಳಿಕೆ ಒಂದಕ್ಕಿಂತ ಕೆಳಗಿಳಿದಿದ್ದರೆ, ಇಲ್ಲವೇ ಹೊಸ ಫಾಲೋವರ್‌ಗಳು ಅರ್ಧಕ್ಕೆ ಬಿದ್ದಿದ್ದರೆ, ಮೂರನೇ ರೀಲ್ ವಾಪಸ್ ತರಬೇಕು.